ವಿದೇಶಿ ಕರೆನ್ಸಿ ಇನ್‌ವಾಯ್ಸ್: ದರದ ಜೊತೆ ದಿನಾಂಕವನ್ನೂ ನೋಡಿ

ಎಲ್ಲರಿಗೂ ನಮಸ್ಕಾರ. ಯೂರೋ ಬಿಲ್‌ಗಳನ್ನು ನೋಡುವವರಿಗೆ ಈ ಸೂಚನೆ. ಈ ತಿಂಗಳ ಇನ್‌ವಾಯ್ಸ್‌ಗಳನ್ನು ಶುಕ್ರವಾರ ಸಂಜೆಯೊಳಗೆ ಒಮ್ಮೆ ತಾಳೆ ನೋಡಿ.

ಡಾಲರ್ ಮೊತ್ತವನ್ನು ಯೂರೋ ಮೊತ್ತದಿಂದ ಭಾಗಿಸಿ. ನಿಜವಾಗಿ ಯಾವ ದರ ಹಾಕಿದ್ದಾರೆ ಅಂತ ಗೊತ್ತಾಗುತ್ತದೆ. ಒಂದು ಉದಾಹರಣೆ: ಬಿಲ್ 4,800 ಯೂರೋ, ನಮೂದಿಸಿದ ದರ 1.08, ಒಟ್ಟು 5,280 ಡಾಲರ್. ಭಾಗಿಸಿದರೆ 1.10 ಬರುತ್ತದೆ. 1.08ರಂತೆ ಆಗಬೇಕಿದ್ದು 5,184. ಅಂದರೆ 96 ಡಾಲರ್ ಜಾಸ್ತಿ.

ಇಂಥ ವ್ಯತ್ಯಾಸ ಸಾಮಾನ್ಯವಾಗಿ ದಿನಾಂಕದಿಂದ ಬರುತ್ತದೆ. ಒಪ್ಪಂದದಲ್ಲಿ ಬಿಲ್ ದಿನದ ದರ ಅಂತಿರುತ್ತದೆ, ಬಿಲ್ ಕಳಿಸಿದವರು ಸರಕು ಕಳಿಸಿದ ದಿನದ್ದು ಹಾಕಿರುತ್ತಾರೆ. ಹಾಗಾಗಿ ಮೊದಲು ಒಪ್ಪಂದ ತೆಗೆದು ಯಾವ ದಿನದ, ಯಾರು ಪ್ರಕಟಿಸಿದ ದರ ಅಂತ ಓದಿ. ಆಮೇಲೆ ಆ ದಿನದ ದರ ಹುಡುಕಿ. ಯುರೋಪಿಯನ್ ಸೆಂಟ್ರಲ್ ಬ್ಯಾಂಕ್ ಶನಿವಾರ, ಭಾನುವಾರ ದರ ಪ್ರಕಟಿಸುವುದಿಲ್ಲ. ಬಿಲ್ ಭಾನುವಾರದ್ದಾದರೆ ಶುಕ್ರವಾರದ ದರವೋ ಸೋಮವಾರದ್ದೋ ಅನ್ನುವುದನ್ನೂ ಒಪ್ಪಂದವೇ ಹೇಳಬೇಕು. ಅದರಲ್ಲಿ ಇಲ್ಲದಿದ್ದರೆ ಸುಮ್ನೆ ಊಹಿಸಬೇಡಿ, ಕಳಿಸಿದವರನ್ನೇ ಬರಹದಲ್ಲಿ ಕೇಳಿ.

ಕೆಲವು ಸೆಂಟ್‌ಗಳ ವ್ಯತ್ಯಾಸ ರೌಂಡಿಂಗ್‌ನಿಂದ ಬರುತ್ತದೆ, ಬಿಡಿ. ಅದಕ್ಕಿಂತ ಜಾಸ್ತಿ ಇದ್ದರೆ ಪಾವತಿ ತಡೆದು, ಇನ್‌ವಾಯ್ಸ್ ಸಂಖ್ಯೆ ಮತ್ತು ನಿಮಗೆ ಬಂದ ದರ ಇಲ್ಲಿ ಹಾಕಿ. ಎಲ್ಲ ಸರಿಯಿದ್ದರೂ ‘ನೋಡಿದೆ’ ಅಂತ ಉತ್ತರಿಸಿ.