ಭಾನುವಾರದ ಮಂಗಳೂರು ಸಿನಿಮಾ ಪ್ರಯಾಣದ ಬಗ್ಗೆ

ಎಲ್ಲರಿಗೂ ನಮಸ್ಕಾರ. ಭಾನುವಾರ ಬದಿಯಡ್ಕದಿಂದ ಮಂಗಳೂರಿಗೆ ವ್ಯಾನ್ ಮಾಡಬೇಕೋ, ಒಟಿಟಿಗೆ ಬರುವವರೆಗೆ ಕಾಯುವುದೋ ಎಂದು ಹಲವರು ಕೇಳಿದ್ದೀರಿ. ಬರುವ ದಿನವನ್ನು ಅಂದಾಜು ಮಾಡುವ ಕ್ರಮ ಹೀಗಿದೆ.

ಮೊದಲು ಪೋಸ್ಟರ್‌ನಲ್ಲಿ ಅಥವಾ ಸಿನಿಮಾದ ಆರಂಭದಲ್ಲಿ ಡಿಜಿಟಲ್ ಪಾರ್ಟ್ನರ್ ಎಂದು ಯಾರದ್ದಾದರೂ ಹೆಸರು ಉಂಟಾ ನೋಡಿ. ಇದ್ದರೆ ಹಕ್ಕು ಮೊದಲೇ ಮಾರಾಟವಾಗಿದೆ. ಅಂಥ ದಕ್ಷಿಣದ ಸಿನಿಮಾಗಳು ಸಾಮಾನ್ಯವಾಗಿ ನಾಲ್ಕರಿಂದ ಎಂಟು ವಾರದೊಳಗೆ ಬರುತ್ತವೆ. ಹಿಂದಿಗೆ ಎಂಟು ವಾರ ಹಿಡಿಯಿರಿ. ಅದಕ್ಕಿಂತ ಬೇಗ ಒಟಿಟಿಗೆ ಹೋಗುವ ಹಿಂದಿ ಪ್ರತಿಯನ್ನು ದೊಡ್ಡ ಮಲ್ಟಿಪ್ಲೆಕ್ಸ್‌ಗಳು ಹಾಕುವುದೇ ಇಲ್ಲ.

‘ಕಾಂತಾರ: ಅಧ್ಯಾಯ 1’ ನೆನಪು ಮಾಡಿಕೊಳ್ಳಿ. 2025ರ ಅಕ್ಟೋಬರ್ 2ಕ್ಕೆ ತೆರೆಗೆ ಬಂತು. ಕನ್ನಡ, ಮಲಯಾಳಂ, ತಮಿಳು, ತೆಲುಗು ಪ್ರತಿಗಳು ಅಕ್ಟೋಬರ್ 31ಕ್ಕೆ, ಅಂದರೆ 29 ದಿನ ಕಳೆದ ಮೇಲೆ, ಪ್ರೈಮ್ ವಿಡಿಯೋಗೆ ಬಂದವು. ಹಿಂದಿ ಪ್ರತಿ ಮಾತ್ರ ನವೆಂಬರ್ 27ಕ್ಕೆ ಬಂತು. ಎಣಿಸಿದರೆ ಸರಿಯಾಗಿ 56 ದಿನ. ಹಾಗಾಗಿ ಬಿಡುಗಡೆಯ ದಿನ ಮಾತ್ರ ನೋಡಿದರೆ ಸಾಲದು, ಯಾವ ಭಾಷೆಯ ಪ್ರತಿ ಎಂಬುದನ್ನೂ ನೋಡಬೇಕು.

ಡಿಜಿಟಲ್ ಪಾರ್ಟ್ನರ್ ಹೆಸರೇ ಇಲ್ಲದಿದ್ದರೆ ಈ ಲೆಕ್ಕ ನಡೆಯುವುದಿಲ್ಲ. ಮಾತುಕತೆ ಮುಗಿಯಲು ತಿಂಗಳುಗಟ್ಟಲೆ ಹಿಡಿಯಬಹುದು. ಸಣ್ಣ ಕನ್ನಡ ಸಿನಿಮಾಗಳಿಗೆ ಹೀಗಾಗುವುದೇ ಹೆಚ್ಚು, ನಮ್ಮ ಕಾಸರಗೋಡಿನ ಥಿಯೇಟರಿಗೂ ಅವು ಬರುವುದು ಅಪರೂಪ. ಈ ಭಾನುವಾರದ್ದು ಅಂಥದ್ದೇ, ಪೋಸ್ಟರ್‌ನಲ್ಲಿ ಯಾರ ಹೆಸರೂ ಇಲ್ಲ. ಹೋಗಿಯೇ ನೋಡುವುದು ಒಳ್ಳೆಯದು ಎಂದು ನನಗೆ ಕಾಣುತ್ತದೆ.

ಬರುವವರು ಎಷ್ಟು ಜನ, ಎಲ್ಲಿ ಹತ್ತುತ್ತೀರಿ ಎಂದು ಶುಕ್ರವಾರ ರಾತ್ರಿ 8ರೊಳಗೆ ಇಲ್ಲೇ ತಿಳಿಸಿ. ಹಿರಿಯರಿದ್ದರೆ ಅದನ್ನೂ ಬರೆಯಿರಿ, ಮುಂದಿನ ಸೀಟು ಇಡುತ್ತೇನೆ.