ಇನ್ನು ಮುಂದೆ ಮೊದಲು ಸೈಟಿನ ಅಳತೆ, ಆಮೇಲೆ ಮನೆಯ ನಕ್ಷೆ

ಆತ್ಮೀಯ ಗ್ರಾಹಕರಿಗೆ ನಮಸ್ಕಾರ.

ಬರುವ ತಿಂಗಳಿಂದ ನಮ್ಮ ಕೆಲಸದ ಕ್ರಮ ಬದಲಾಗುತ್ತಿದೆ. ಸೈಟಿಗೆ ಬಂದು ಅಳತೆ ಮಾಡಿ, ಎಲ್ಲಿಯವರೆಗೆ ಗೋಡೆ ಕಟ್ಟಬಹುದು ಎಂಬ ಗಡಿಯನ್ನು ಹಾಳೆಯ ಮೇಲೆ ತೋರಿಸದೆ ನಾವು ಇನ್ನು ಕೋಣೆಗಳ ನಕ್ಷೆ ಬರೆಯುವುದಿಲ್ಲ. ಈ ಅಳತೆಗೆ ಬೇರೆ ಶುಲ್ಕ ಇರುತ್ತದೆ. ಮೊದಲ ಭೇಟಿಯಲ್ಲೇ ಒಂದು ಕಚ್ಚಾ ನಕ್ಷೆ ಕೈಗೆ ಸಿಗುತ್ತಿತ್ತು, ಈಗ ಅದಕ್ಕೆ ಕಾಯಬೇಕಾಗುತ್ತದೆ. ಅದಕ್ಕಾಗಿ ನಿಮ್ಮ ಕ್ಷಮೆ ಕೇಳುತ್ತೇವೆ. ಆದರೆ ಶುಲ್ಕ ಯಾಕೆ ಅಂತ ಕೇಳುವವರಿಗೆ ಪೂರ್ತಿ ಲೆಕ್ಕ ಕೊಡುವುದು ನಮ್ಮ ಕರ್ತವ್ಯ.

ನಾವು ಪದೇ ಪದೇ ಕೇಳಿದ ದೂರು ಒಂದೇ, ಅದು ಎಫ್‌ಎಆರ್, ಅಂದರೆ ಎಲ್ಲ ಮಹಡಿ ಸೇರಿ ಸೈಟಿನ ಎಷ್ಟು ಪಟ್ಟು ಕಟ್ಟಬಹುದು ಎಂಬ ಮಿತಿಯ ಬಗ್ಗೆ. "ಎಫ್‌ಎಆರ್ 1.75 ಇದೆ ಅಂತ ನೀವೇ ಹೇಳ್ತೀರಿ. ಆದ್ರೆ ನಿಮ್ಮ ನಕ್ಷೆಯಲ್ಲಿ ಅಷ್ಟು ಜಾಗ ಕಾಣೋದೇ ಇಲ್ಲ. ಮಿಕ್ಕಿದ್ದು ಎಲ್ಲಿ ಹೋಯ್ತು?" ಜಾಗವನ್ನು ನಾವು ನುಂಗಿಬಿಟ್ಟೆವು ಅನ್ನುವ ಧಾಟಿಯಲ್ಲಿ ಈ ಮಾತು ಬಂದಾಗ ನೋವಾಗುತ್ತದೆ. ಉತ್ತರ ನಿಧಾನವಾಗಿ ಹೇಳುತ್ತೇವೆ, ದಯವಿಟ್ಟು ಓದಿ.

ಒಂದು ಸಣ್ಣ ಸೈಟು ತೆಗೆದುಕೊಳ್ಳೋಣ. ಅಗಲ 9 ಮೀಟರ್, ಆಳ 12 ಮೀಟರ್. ಒಟ್ಟು 108 ಚದರ ಮೀಟರ್. ಎಫ್‌ಎಆರ್ 1.75 ಅಂದರೆ ಎಲ್ಲ ಮಹಡಿ ಸೇರಿ 189 ಚದರ ಮೀಟರ್ ಕಟ್ಟಬಹುದು. ಇದು ಗರಿಷ್ಠ ಮಿತಿ ಅಷ್ಟೇ. ಇಷ್ಟು ಸಿಕ್ಕೇ ಸಿಗುತ್ತದೆ ಅಂತ ನಿಯಮ ಎಲ್ಲೂ ಮಾತು ಕೊಟ್ಟಿಲ್ಲ.

ಈಗ ಸೆಟ್‌ಬ್ಯಾಕ್, ಅಂದರೆ ಗಡಿಯಿಂದ ಗೋಡೆಯವರೆಗೆ ಖಾಲಿ ಬಿಡಬೇಕಾದ ಜಾಗ ನೋಡಿ. ಇದು ಊರಿಂದೂರಿಗೆ, ರಸ್ತೆಯಿಂದ ರಸ್ತೆಗೆ ಬೇರೆ. ಲೆಕ್ಕಕ್ಕೆ ಅಂತ ಮುಂದೆ 1.5 ಮೀಟರ್, ಹಿಂದೆ 1, ಎರಡು ಪಕ್ಕಕ್ಕೂ ತಲಾ 1 ಮೀಟರ್ ಅಂದುಕೊಳ್ಳಿ. ಉಳಿಯುವುದು 7 ಮೀಟರ್ ಅಗಲ, 9.5 ಮೀಟರ್ ಆಳ. ಅಂದರೆ ಒಂದು ಮಹಡಿಗೆ 66.5 ಚದರ ಮೀಟರ್. ಸೈಟಿನ ಶೇ. 75ರಷ್ಟು ಜಾಗದ ಮೇಲೆ ಕಟ್ಟಬಹುದು ಅಂತ ಕವರೇಜ್ ನಿಯಮ ಹೇಳಿದರೂ ಏನೂ ಪ್ರಯೋಜನ ಇಲ್ಲ. ಸೆಟ್‌ಬ್ಯಾಕ್ ಬಿಟ್ಟ ಮೇಲೆ ಉಳಿದಿರುವುದೇ ಶೇ. 62ಕ್ಕೂ ಕಡಿಮೆ. ಮೂರು ನಿಯಮಗಳಲ್ಲಿ ಯಾವುದು ಮೊದಲು ಅಡ್ಡ ಬರುತ್ತದೋ ಅದರ ಮಾತೇ ನಡೆಯುತ್ತದೆ. ಸಣ್ಣ ಸೈಟಿನಲ್ಲಿ ಸಾಮಾನ್ಯವಾಗಿ ಅದು ಸೆಟ್‌ಬ್ಯಾಕೇ. ಎರಡು ಪಕ್ಕ ಸೇರಿ 2 ಮೀಟರ್ ಬಿಟ್ಟರೆ 9 ಮೀಟರ್ ಸೈಟಿನಲ್ಲಿ ಐದನೇ ಒಂದು ಭಾಗಕ್ಕಿಂತ ಜಾಸ್ತಿ ಅಗಲ ಹೋಯಿತು. ಅದೇ 2 ಮೀಟರ್ 18 ಮೀಟರ್ ಸೈಟಿನಲ್ಲಿ ಒಂಬತ್ತನೇ ಒಂದು ಭಾಗ ಅಷ್ಟೇ.

ಇನ್ನು ಮಹಡಿ. ಎತ್ತರದ ಮಿತಿ ಎರಡೇ ಮಹಡಿಗೆ ಅವಕಾಶ ಕೊಟ್ಟರೆ ನಿಮಗೆ ಸಿಗುವುದು 133 ಚದರ ಮೀಟರ್. ಕಾಗದದಲ್ಲಿ 1.75 ಇದ್ದದ್ದು ನೆಲದ ಮೇಲೆ 1.23 ಆಯಿತು. ಮೂರು ಮಹಡಿಗೆ ಅವಕಾಶ ಇದ್ದರೆ 199.5 ಬರುತ್ತದೆ, ಅದು 189 ದಾಟುತ್ತದೆ. ಹಾಗಾಗಿ ಮೇಲಿನ ಮಹಡಿಯಲ್ಲಿ 10.5 ಚದರ ಮೀಟರ್ ಬಿಡಲೇಬೇಕು. ನಮ್ಮ ಹಲವು ನಕ್ಷೆಗಳಲ್ಲಿ ಮೇಲೊಂದು ಸಣ್ಣ ತೆರೆದ ತಾರಸಿ ಬರುವುದು ಇದಕ್ಕೇ. ಅದನ್ನು ನಾವು ಸುಮ್ನೆ ಚಂದಕ್ಕೆ ಹಾಕಿದ್ದಲ್ಲ. ಆದರೂ ಅದಕ್ಕೆ ಒಳ್ಳೆಯ ಬಿಸಿಲು ಬೀಳುವ ಮೂಲೆಯನ್ನೇ ಹುಡುಕುತ್ತೇವೆ, ಅದು ನಮ್ಮ ಹೆಮ್ಮೆ.

ಇಷ್ಟಾದ ಮೇಲೂ 66.5 ಪೂರ್ತಿ ನಿಮ್ಮ ಕಾಲಿಗೆ ಸಿಗುವುದಿಲ್ಲ. ಹೊರಗೋಡೆ 20 ಸೆಂಟಿಮೀಟರ್ ದಪ್ಪ ಇದ್ದರೆ ಗೋಡೆಯೇ 6.4 ಚದರ ಮೀಟರ್ ತಿನ್ನುತ್ತದೆ. ಮೆಟ್ಟಿಲಿಗೆ ಸುಮಾರು 9 ಬೇಕು. 3 ಮೀಟರ್ ಎತ್ತರಕ್ಕೆ 15 ಸೆಂಟಿಮೀಟರಿನ 20 ಮೆಟ್ಟಿಲು, ಮಧ್ಯೆ ತಿರುವು, ಮೇಲೆ ಕೆಳಗೆ ನಿಲ್ಲುವಷ್ಟು ಜಾಗ, ಇದಕ್ಕಿಂತ ಇಕ್ಕಟ್ಟಾದರೆ ಮಂಚ ಸಾಗಿಸಲೂ ಆಗುವುದಿಲ್ಲ. ಒಳಗೋಡೆಗಳನ್ನೂ ಕಳೆದರೆ ಓಡಾಡಲು ಉಳಿಯುವುದು ಸುಮಾರು 48. ಮಿಕ್ಕಿದ್ದು ಎಲ್ಲಿ ಹೋಯಿತು ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ.

"ಪಕ್ಕದವರು ಬಿಟ್ಟಿಲ್ಲ, ನಾನ್ಯಾಕೆ ಬಿಡ್ಲಿ?" ಅಂತಲೂ ಕೆಲವರು ಕೇಳುತ್ತಾರೆ. ಪಕ್ಕದವರು ಬಿಡದಿದ್ದಾಗ ನಿಮ್ಮ ಕಿಟಕಿಯ ಎದುರು ಉಳಿಯುವ ಜಾಗ ನಿಮ್ಮದೇ 1 ಮೀಟರ್. ಅದನ್ನೂ ಮುಚ್ಚಿದರೆ ಆ ಕೋಣೆಗೆ ಹಗಲಲ್ಲೂ ದೀಪ ಬೇಕು, ಹೊರಗೋಡೆಯಲ್ಲಿ ನೀರು ಜಿನುಗಿದರೆ ರಿಪೇರಿಗೆ ಕೈ ಹೋಗುವುದಿಲ್ಲ. ಅಂಥ ನಕ್ಷೆಯನ್ನು ನಾವು ಬರೆದುಕೊಡುವುದಿಲ್ಲ. ಇದರಲ್ಲಿ ಚೌಕಾಸಿ ಇಲ್ಲ.

ಈಗ ಶುಲ್ಕದ ವಿಷಯ. ಒಂದು ಸೈಟಿನ ಕ್ರಯಪತ್ರದಲ್ಲಿ 9 ಮತ್ತು 12 ಅಂತಲೇ ಇತ್ತು. ಗ್ರಾಹಕರು ಅದನ್ನೇ ನಂಬಿ ನಕ್ಷೆ ಬೇಕೆಂದರು, ಬರೆದೆವು. ಗುರುತು ಹಾಕುವ ದಿನ ದಾರ ಎಳೆದು ಮೂಲೆಯಿಂದ ಮೂಲೆಗೆ ಅಳೆದಾಗ ವ್ಯತ್ಯಾಸ ಗೊತ್ತಾಯಿತು. 9 ಮತ್ತು 12ರ ಸೈಟು ಚೊಕ್ಕ ಆಯತವಾಗಿದ್ದರೆ ಎರಡೂ ಕರ್ಣ ಸರಿಯಾಗಿ 15 ಮೀಟರ್ ಬರಬೇಕು. ಇಲ್ಲಿ ಒಂದು 15 ಬಂತು, ಇನ್ನೊಂದು 14.82. ಸೈಟಿನ ಹಿಂಬದಿಯ ಅಗಲ ಅಳೆದರೆ 8.7 ಮೀಟರ್. ಸೆಟ್‌ಬ್ಯಾಕ್ ಅಳೆಯುವುದು ನಿಜವಾದ ಗಡಿಯಿಂದ, ಕಾಗದದ ಅಂಕಿಯಿಂದ ಅಲ್ಲ. ಹಾಗಾಗಿ ಹಿಂಬದಿಯ ಗಡಿಯಿಂದ 1 ಮೀಟರ್ ಒಳಗೆ ನಿಲ್ಲುವ ಹಿಂಗೋಡೆಯ ಹತ್ತಿರ ಮನೆಯ ಅಗಲ 7ರಿಂದ 6.72ಕ್ಕೆ ಇಳಿಯಿತು.

28 ಸೆಂಟಿಮೀಟರ್ ಏನು ಮಹಾ ಅನ್ನಿಸಬಹುದು. ಹಿಂಬದಿಯಲ್ಲಿ 2.5 ಮೀಟರ್ ಅಗಲ ಇದ್ದ ಕೋಣೆ 2.22 ಆಯಿತು. ಆ ಸೈಟಿಗೆ ಅನ್ವಯಿಸುವ ನಿಯಮದ ಪ್ರಕಾರ ವಾಸದ ಕೋಣೆಗೆ ಕನಿಷ್ಠ 2.4 ಬೇಕು. ಕೋಣೆ ಉಳಿಸಬೇಕಾದರೆ ಮೆಟ್ಟಿಲು ಸರಿಯಬೇಕು. ಮೆಟ್ಟಿಲು ಒಂದು ಮಹಡಿಯಲ್ಲಿ ಸರಿದರೆ ಎಲ್ಲ ಮಹಡಿಯಲ್ಲೂ ಸರಿಯುತ್ತದೆ. ಜೊತೆಗೆ ಕಂಬ, ಕಂಬದ ಕೆಳಗಿನ ಪಾಯ, ಪಾಯದ ಪಕ್ಕದ ಸಂಪು. ಇಂಜಿನಿಯರ್ ಮೊದಲಿಂದ ಲೆಕ್ಕ ಹಾಕಬೇಕು, ಅವರಿಗೆ ಮತ್ತೆ ಹಣ ಕೊಟ್ಟಿದ್ದು ನಾವು. ಆಗ ನಮಗೆ ಬಂದ ಮಾತು, "ನಕ್ಷೆ ಬದಲಾಯಿಸಿ ದುಡ್ಡು ಕೀಳ್ತಾರೆ." ಇಂಥ ಮರುಕೆಲಸದ ಖರ್ಚು ಇಷ್ಟು ದಿನ ನಮ್ಮ ಕೈಯಿಂದಲೇ ಹೋಗಿದೆ. ನಮ್ಮಂಥ ಸಣ್ಣ ಕಚೇರಿಗೆ ಇನ್ನು ಅದು ಆಗದ ಮಾತು.

ಶುಲ್ಕಕ್ಕೆ ನಿಮಗೆ ಸಿಗುವುದು ಇಷ್ಟು. ನಾಲ್ಕು ಬದಿ ಮತ್ತು ಎರಡು ಕರ್ಣದ ಅಳತೆ, ರಸ್ತೆಯ ಈಗಿನ ಅಗಲ, ರಸ್ತೆ ಅಗಲೀಕರಣದ ಗೆರೆ ನಿಮ್ಮ ಸೈಟಿನೊಳಗೆ ಬರುತ್ತದೆಯೇ ಎಂಬ ಪರಿಶೀಲನೆ. ಈ ಕೊನೆಯದನ್ನು ಮಾತ್ರ ಯಾರೂ ಮರೆಯಬೇಡಿ. ಆ ಗೆರೆ ಒಳಗೆ ಬಂದರೆ ಮುಂಭಾಗದ ಸೆಟ್‌ಬ್ಯಾಕ್ ಅಲ್ಲಿಂದ ಶುರುವಾಗಬಹುದು, ಮನೆ ಅಷ್ಟೂ ಹಿಂದಕ್ಕೆ ಸರಿಯುತ್ತದೆ. ಇದೆಲ್ಲ ಸೇರಿ ಒಂದು ಹಾಳೆಯಲ್ಲಿ ಕಟ್ಟಬಹುದಾದ ಗಡಿ, ಮಹಡಿಗೆ ಎಷ್ಟು, ಗೋಡೆ ಮೆಟ್ಟಿಲು ಕಳೆದು ಎಷ್ಟು ಅಂತ ಬರೆದುಕೊಡುತ್ತೇವೆ. ಆ ಹಾಳೆ ನಿಮ್ಮದು. ನಕ್ಷೆಯನ್ನು ಬೇರೆಯವರಿಂದ ಬರೆಸಿದರೂ ನಮ್ಮ ಅಭ್ಯಂತರ ಇಲ್ಲ. ನಮ್ಮಲ್ಲೇ ಬರೆಸಿದರೆ ಅಳತೆ ತಪ್ಪಿತು ಅನ್ನುವ ಕಾರಣಕ್ಕೆ ಮತ್ತೆ ಹಣ ಕೇಳುವುದಿಲ್ಲ.

ಈಗಾಗಲೇ ನಮ್ಮ ಜೊತೆ ಕೆಲಸ ಶುರುಮಾಡಿದವರಿಗೆ ಹೊಸ ಶುಲ್ಕ ಇಲ್ಲ. ನಿಮ್ಮ ಸೈಟಿನ ಕರ್ಣಗಳನ್ನು ನಾವೇ ಬಂದು ಅಳೆಯುತ್ತೇವೆ. ಹೊಸದಾಗಿ ಬರುವವರು ಕ್ರಯಪತ್ರ, ಬಡಾವಣೆಯ ನಕ್ಷೆ ಎರಡರ ಪ್ರತಿ ತನ್ನಿ. ಸೈಟಿನ ಮೂಲೆಯ ಕಲ್ಲು ಮಣ್ಣಲ್ಲಿ ಹೂತಿದ್ದರೆ ಅಗೆಸಿ ಇಡಿ. ಪಕ್ಕದ ಸೈಟಿನವರಿಗೂ ಅಳತೆಯ ದಿನ ಬರಲು ಹೇಳಿ. ಗಡಿಯ ಮಾತು ಅವರೆದುರೇ ಮುಗಿದರೆ ನಿಮಗೂ ಒಳ್ಳೆಯದು.

ಏನಾದರೂ ಅರ್ಥವಾಗದಿದ್ದರೆ ಬೇಸರವಿಲ್ಲದೆ ಕಚೇರಿಗೆ ಬನ್ನಿ. ನಿಮ್ಮ ಸೈಟಿನ ಅಳತೆ ಹಾಕಿ ಇದೇ ಲೆಕ್ಕವನ್ನು ನಿಮ್ಮೆದುರೇ ಕೂತು ಮಾಡಿ ತೋರಿಸುತ್ತೇವೆ.

ನಿಮ್ಮ ವಿಶ್ವಾಸದ,
ನಕ್ಷೆ ಕಚೇರಿಯ ಎಲ್ಲರೂ