ಕತ್ತರಿ ಎಲ್ಲಿ ಹಾಕಬೇಕು

ಸರಸ್ವತಿಪುರಂ, ಮೈಸೂರು

ಪ್ರೀತಿಯ ತಂಗಿ,

ನಾಲೆಯ ಕೊನೆ ಭಾಗಕ್ಕೆ ನೀರು ಬರುತ್ತಿಲ್ಲವೆಂದು ನಿಮ್ಮೂರಿನವರ ಪರವಾಗಿ ನೀನು ಇಂಜಿನಿಯರರಿಗೆ ಬರೆದ ಎರಡು ಪುಟಗಳ ಅರ್ಜಿ ನಿನ್ನೆ ಮಂಡ್ಯದಿಂದ ಬಂತು. ಅದನ್ನು ಒಂದು ಪುಟಕ್ಕೆ ಇಳಿಸಲು ನೀನು ಪಟ್ಟ ಪಾಡೂ ಜೊತೆಗಿದೆ. ಪ್ರತಿ ಪ್ಯಾರಾದಿಂದಲೂ ಎರಡೆರಡು ಸಾಲು ಹೊಡೆದು ಹಾಕಿದ್ದೀಯೆ. ಹೀಗೆ ಸಮನಾಗಿ ಸವರುತ್ತಾ ಹೋದರೆ ಮೊದಲು ಉದುರುವುದು ತಾರೀಖು ಮತ್ತು ಅಂಕಿ. ಕೊನೆಗೆ ಉಳಿದಿರುವುದು ‘ರೈತರ ಗೋಳು ಹೇಳತೀರದು’ ಎಂಬ ಸಾಲು. ಅದರ ಮೇಲೆ ಯಾವ ಅಧಿಕಾರಿ ಏನೆಂದು ಷರಾ ಬರೆದಾನು?

ಕತ್ತರಿ ಹಿಡಿಯುವ ಮುನ್ನ ಸಾಕ್ಷ್ಯಗಳನ್ನು ತೂಗಿ ನೋಡು. ಒಣಗಿದ ಪೈರಿನ ಫೋಟೊ ಕಣ್ಣಿಗೆ ಹೊಡೆಯುತ್ತದೆ ನಿಜ, ಆದರೆ ಪೈರು ಏಕೆ ಒಣಗಿತು ಎಂದು ಅದು ಹೇಳುವುದಿಲ್ಲ. ನೀರುಗಂಟಿ ಗುಟ್ಟಾಗಿ ಹೇಳಿದ ಮಾತನ್ನಂತೂ ತೆಗೆದುಬಿಡು. ನಾಳೆ ಅವನು ‘ನಾನು ಹೇಳಲೇ ಇಲ್ಲ’ ಎಂದರೆ ಉಳಿದ ಸತ್ಯಕ್ಕೂ ಮಸಿ ಹತ್ತುತ್ತದೆ. ಅವನ ಕೆಲಸಕ್ಕೂ ಕುತ್ತು. ನಿನ್ನ ಬಳಿಯ ಗಟ್ಟಿ ಸಾಕ್ಷ್ಯವೆಂದರೆ ನಿಮ್ಮ ತಂದೆ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟ ದಿನಗಳು. ನಾಲೆಗೆ ಸರದಿಯಂತೆ ಬಿಡುವ ಪ್ರತಿ ಕಟ್ಟು ನೀರಿನ ದಿನ ಕಚೇರಿಯ ಕಡತದಲ್ಲೂ ಇರುತ್ತದೆ. ಓದುವವರು ತಮ್ಮದೇ ದಾಖಲೆಯ ಪಕ್ಕದಲ್ಲಿಟ್ಟು ತಾಳೆ ನೋಡಬಹುದಾದದ್ದನ್ನು ತಳ್ಳಿಹಾಕುವುದು ಕಷ್ಟ. ನೀನು ಅದನ್ನು ಎರಡನೇ ಪುಟದ ಬುಡದಲ್ಲಿ, ಸಹಿಗಿಂತ ನಾಲ್ಕು ಸಾಲು ಮೇಲೆ ಹುದುಗಿಸಿದ್ದೀಯೆ!

ಅದನ್ನು ಮೊದಲ ಪ್ಯಾರಾಕ್ಕೆ ತಂದು, ಮೂರು ಪ್ಯಾರಾಗಳ ಗೋಳಿನ ಜಾಗದಲ್ಲಿ ಹೀಗೆ ಬರೆ: ‘ಜುಲೈ 20ರಿಂದ ಮೂರು ಕಟ್ಟು ನೀರು ಬಿಟ್ಟಿದ್ದರೂ ನಮ್ಮ ತೂಬಿಗೆ ಬಂದದ್ದು ಒಂದೇ ಸಲ, ಆಗಸ್ಟ್ 14ರಂದು, ಆರು ಗಂಟೆಯ ಕಾಲ.’ ಈ ಸಾಲಿನಿಂದ ಒಂದು ಅಂಕಿಯನ್ನೂ ಕಳೆಯಬೇಡ. ಕ್ಯಾಲೆಂಡರಿನ ನಕಲು, ಫೋಟೊ, ರೈತರ ಸಹಿಗಳು ಲಗತ್ತಿಗೆ ಹೋಗಲಿ; ಅವುಗಳ ಹೆಸರಷ್ಟೇ ಪುಟದ ಕೊನೆಯಲ್ಲಿರಲಿ. ಹಿಂದಿನ ಅರ್ಜಿ ಹಿಡಿದು ಕಚೇರಿಗೆ ಅಲೆದ ಕಥೆ ಹನ್ನೊಂದು ಸಾಲು ತಿಂದಿದೆ. ಮೇಲೆ ‘ಉಲ್ಲೇಖ’ ಎಂದು ಬರೆದು ಅದರ ತಾರೀಖು, ಸ್ವೀಕೃತಿ ಸಂಖ್ಯೆ ಕೊಟ್ಟರೆ ಮುಗಿಯಿತು.

ಅಕ್ಷರ ಕುಗ್ಗಿಸಿ, ಅಂಚು ಒತ್ತರಿಸಿ ಒಂದು ಪುಟ ಮಾಡುವ ಜಾಣತನ ಬೇಡ. ನಾನೂ ಒಮ್ಮೆ ಮಾಡಿದ್ದೆ. ಅಧಿಕಾರಿ ಕನ್ನಡಕ ಏರಿಸಿ, ಇಳಿಸಿ, ಕಾಗದವನ್ನು ಮಡಚಿಟ್ಟರು.

ಇಷ್ಟು ತೆಗೆದ ಮೇಲೆ ಆರೇಳು ಸಾಲಿನ ಜಾಗ ಮಿಗುತ್ತದೆ. ಅದು ಬೇಕೇ ಬೇಕು, ಏಕೆಂದರೆ ನಿನ್ನ ಎರಡು ಪುಟಗಳಲ್ಲಿ ಕೇಳಿಕೆಯೇ ಇಲ್ಲ, ‘ಸೂಕ್ತ ಕ್ರಮ’ ಎಂದಷ್ಟೇ ಇದೆ. ಮುಂದಿನ ಕಟ್ಟಿನಲ್ಲಿ ಮೊದಲ ಎರಡು ದಿನ ಮೇಲಿನ ತೂಬುಗಳನ್ನು ಮುಚ್ಚಿ ಕೊನೆ ಭಾಗಕ್ಕೆ ನೀರು ಹರಿಸಿ ಎಂದು ಬರೆ. ಆಮೇಲೆ ಪಕ್ಕದ ಮನೆಯವರಿಗೆ ಒಮ್ಮೆ ಓದಿ ಹೇಳಿ, ಕಾಗದ ಮುಚ್ಚಿಟ್ಟು, ಏನು ಕೇಳಿದ್ದೇವೆ, ಆಧಾರವೇನು ಎಂದು ವಿಚಾರಿಸು. ಅವರು ತಡವರಿಸಿದರೆ ಇನ್ನೂ ಕತ್ತರಿಗೆ ಕೆಲಸವಿದೆ.

ಕಟ್ಟು ಶುರುವಾಗುವ ಮೊದಲೇ ಕೊಟ್ಟು, ನಿನ್ನ ಪ್ರತಿಯ ಮೇಲೆ ಮೊಹರು ಹಾಕಿಸಿಕೊಂಡು ಬಾ.

ನಿನ್ನ ಅಣ್ಣ